ಕಾಲಿನ ಬಿಳಿ ಪಟ್ಟೆಯೊಂದೇ ಸಾಲದು: ಫೋಟೊದಲ್ಲಿ ಸೊಳ್ಳೆಯ ಗುಂಪು ಗುರುತಿಸುವ ಬಗೆ

ಸೊಳ್ಳೆಯ ಹತ್ತಿರದ ಫೋಟೊ ಕೈಗೆ ಬಂದರೆ ಹೆಚ್ಚಿನವರ ಕಣ್ಣು ಮೊದಲು ಹೋಗುವುದು ಕಾಲಿನ ಕಡೆಗೆ. ಕಪ್ಪು ಕಾಲಿನ ಮೇಲೆ ಬಿಳಿ ಪಟ್ಟೆ ಕಂಡರೆ ಅದು ಡೆಂಗಿ ಸೊಳ್ಳೆ, ಕಾಣದಿದ್ದರೆ ಸಾಮಾನ್ಯ ಸೊಳ್ಳೆ ಎಂದು ತೀರ್ಮಾನವಾಗಿಬಿಡುತ್ತದೆ. ಈ ಎರಡೂ ತೀರ್ಮಾನಗಳು ತಪ್ಪಾಗುವ ಸಂಭವ ಹೆಚ್ಚು. ಬಿಳಿ ಪಟ್ಟೆಯ ಕಾಲು ಡೆಂಗಿ ಹರಡುವ ಈಡಿಸ್ ಗುಂಪೊಂದರದೇ ಸೊತ್ತಲ್ಲ. ಮ್ಯಾನ್ಸೋನಿಯಾ ಗುಂಪಿನ ಸೊಳ್ಳೆಗಳಿಗೆ ಅದು ಇದೆ, ಕ್ಯೂಲಿಸೆಟಾ ಗುಂಪಿನ ಕೆಲವಕ್ಕೆ ಇದೆ, ಕ್ಯೂಲೆಕ್ಸ್‌ನ ಕೆಲವು ಪ್ರಭೇದಗಳಿಗೆ ಇದೆ, ಮಲೇರಿಯಾ ಹರಡುವ ಅನಾಫಿಲಿಸ್‌ಗಳಲ್ಲೂ ಕೆಲವಕ್ಕೆ ಇದೆ. ಇನ್ನೊಂದು ಕಡೆ, ಈಡಿಸ್ ಗುಂಪಿನಲ್ಲೇ ಪಟ್ಟೆಯಿಲ್ಲದ ಕಾಲಿನ ಸೊಳ್ಳೆಗಳೂ ಇವೆ.

ಹಾಗಾದರೆ ಫೋಟೊದಿಂದ ಏನೂ ತಿಳಿಯುವುದಿಲ್ಲವೇ? ಖಂಡಿತ ತಿಳಿಯುತ್ತದೆ. ಕುಳಿತ ಭಂಗಿ, ರೆಕ್ಕೆಯ ಹುರುಪೆ, ಕಾಲಿನ ಪಟ್ಟೆ ಈ ಮೂರೂ ಉಪಯುಕ್ತ ಗುರುತುಗಳೇ. ಆದರೆ ಮೂರೂ ಉತ್ತರಿಸುವ ಪ್ರಶ್ನೆಗಳು ಬೇರೆ ಬೇರೆ. ಭಂಗಿ ಮತ್ತು ರೆಕ್ಕೆ ಸೇರಿ ಅನಾಫಿಲಿಸನ್ನು ಉಳಿದವುಗಳಿಂದ ಬೇರ್ಪಡಿಸುತ್ತವೆ. ಆ ವಿಂಗಡಣೆ ಆದ ಮೇಲೆಯೇ ಕಾಲಿನ ಪಟ್ಟೆ ಮಾತನಾಡಬಲ್ಲದು, ಅದೂ ಪಟ್ಟೆ ಇದೆಯೇ ಎಂದು ಕೇಳಿದರೆ ಅಲ್ಲ, ಪಟ್ಟೆ ಎಲ್ಲಿದೆ ಎಂದು ಕೇಳಿದರೆ. ಈ ಕ್ರಮ ತಲೆಕೆಳಗಾದಾಗಲೇ ಹೆಚ್ಚಿನ ತಪ್ಪುಗಳು ಆಗುತ್ತವೆ.

ಈ ಕ್ರಮಕ್ಕೆ ಈಗ ಹಿಂದಿಗಿಂತ ಹೆಚ್ಚಿನ ಬೆಲೆ ಬಂದಿದೆ. ಮೊದಲು ಸೊಳ್ಳೆ ಸಿಕ್ಕಿದ ಜಾಗವೇ ಅದರ ಗುಂಪಿನ ಬಗ್ಗೆ ಸಾಕಷ್ಟು ಹೇಳುತ್ತಿತ್ತು. ಪೂರ್ವ ಆಫ್ರಿಕಾದ ನಗರಗಳಲ್ಲಿ ನೀರಿನ ಪೀಪಾಯಿಯ ಬಳಿ ಸಿಕ್ಕಿದ್ದು ಈಡಿಸ್ ಎಂದೂ, ಮಲೇರಿಯಾ ಸೊಳ್ಳೆ ಊರಾಚೆಯ ಹೊಂಡಗಳದ್ದು ಎಂದೂ ಊಹಿಸಬಹುದಿತ್ತು. ಆದರೆ ದಕ್ಷಿಣ ಏಷ್ಯಾದ ನಗರ ಮಲೇರಿಯಾದ ಸೊಳ್ಳೆ ಅನಾಫಿಲಿಸ್ ಸ್ಟೆಫೆನ್ಸೈ 2012ರಲ್ಲಿ ಜಿಬೂಟಿಯಲ್ಲಿ, 2016ರಲ್ಲಿ ಇಥಿಯೋಪಿಯಾದಲ್ಲಿ ಕಾಣಿಸಿಕೊಂಡಿತು. ಆಮೇಲೆ ಆ ಖಂಡದ ಇನ್ನೂ ಹಲವು ದೇಶಗಳಲ್ಲಿ ಪತ್ತೆಯಾಯಿತು. ಈ ಸೊಳ್ಳೆ ಈಡಿಸ್ ಈಜಿಪ್ಟೈಯಂತೆಯೇ ಮನೆಯ ಬಳಿಯ ತೊಟ್ಟಿ, ಟ್ಯಾಂಕುಗಳಲ್ಲಿ ಮೊಟ್ಟೆಯಿಡುತ್ತದೆ. ಅದರ ಕಾಲಿನ ಮೇಲೆ ಬಿಳಿ ಚುಕ್ಕೆಗಳೂ ಇವೆ. ಜಾಗವನ್ನೂ ಕಾಲನ್ನೂ ಮಾತ್ರ ನೋಡುವವರು ಇದನ್ನು ಈಡಿಸ್ ಎಂದು ಕರೆದು ಮುಂದೆ ಹೋಗುವುದು ತೀರ ಸುಲಭ. ಡೆಂಗಿಯ ಸೊಳ್ಳೆ ಎಂದುಕೊಂಡ ಜಾಗದಲ್ಲಿ ಮಲೇರಿಯಾದ ಸೊಳ್ಳೆ ನೆಲೆಯೂರಿರುತ್ತದೆ.

ಗುರುತುಗಳಿಗೆ ಹೋಗುವ ಮೊದಲು ಎರಡು ಸಣ್ಣ ಪರೀಕ್ಷೆಗಳನ್ನು ಮುಗಿಸಿಕೊಳ್ಳಬೇಕು. ಮೊದಲನೆಯದು, ಇದು ಸೊಳ್ಳೆಯೇ, ಹೆಣ್ಣು ಸೊಳ್ಳೆಯೇ ಎಂಬುದು. ಸೊಳ್ಳೆಯನ್ನು ಹೋಲುವ ಸಣ್ಣ ನೊಣಗಳು ಬಹಳ ಇವೆ, ಅವುಗಳಿಗೆ ಮುಂದಕ್ಕೆ ಚಾಚಿದ ಉದ್ದನೆಯ ಸೊಂಡಿಲು ಇರುವುದಿಲ್ಲ. ಸೊಂಡಿಲು ಇದ್ದು, ತಲೆಯ ಮುಂದಿನ ಕುಡಿಮೀಸೆಗಳು ಗರಿಯಂತೆ ಪೊದೆಯಾಗಿದ್ದರೆ ಅದು ಗಂಡು. ಬೆರಳೆಣಿಕೆಯ ಕೂದಲಿದ್ದು ತೆಳ್ಳಗಿದ್ದರೆ ಹೆಣ್ಣು. ಇದು ಏಕೆ ಬೇಕೆಂದರೆ, ಸೊಂಡಿಲಿನ ಇಕ್ಕೆಲದಲ್ಲಿ ಪಾಲ್ಪ್ ಎನ್ನುವ ಒಂದು ಜೋಡಿ ಅಂಗಗಳಿವೆ. ಹೆಣ್ಣು ಅನಾಫಿಲಿಸ್‌ನಲ್ಲಿ ಅವು ಸೊಂಡಿಲಿನಷ್ಟೇ ಉದ್ದ, ಹೆಣ್ಣು ಈಡಿಸ್ ಮತ್ತು ಕ್ಯೂಲೆಕ್ಸ್‌ಗಳಲ್ಲಿ ಸೊಂಡಿಲಿನ ಬುಡದಲ್ಲೇ ಮುಗಿದುಹೋಗುವಷ್ಟು ಮೋಟು. ಫೋಟೊದಲ್ಲಿ ಸೊಂಡಿಲು ಮೂರು ಕವಲಿನಂತೆ ಕಂಡರೆ, ಅಥವಾ ಪಾಲ್ಪ್‌ಗಳು ಅದಕ್ಕೆ ಅಂಟಿಕೊಂಡು ಸೊಂಡಿಲು ಅಸಹಜವಾಗಿ ದಪ್ಪ ಕಂಡರೆ, ಅದು ಅನಾಫಿಲಿಸ್ ಆಗಿರುವ ಸಾಧ್ಯತೆ ಬಲವಾಗುತ್ತದೆ. ಆದರೆ ಕ್ಯೂಲೆಕ್ಸ್‌ನ ಗಂಡಿಗೂ ಪಾಲ್ಪ್ ಉದ್ದ. ಗಂಡು ಹೆಣ್ಣು ನೋಡದೆ ಈ ಗುರುತನ್ನು ಬಳಸಿದರೆ ಗಂಡು ಕ್ಯೂಲೆಕ್ಸ್ ಸಲೀಸಾಗಿ ಅನಾಫಿಲಿಸ್ ಆಗಿಬಿಡುತ್ತದೆ.

ಎರಡನೆಯದು, ಫೋಟೊದಲ್ಲಿ ವಿವರ ನಿಜವಾಗಿಯೂ ಇದೆಯೇ ಎಂಬ ಲೆಕ್ಕ. ಸೊಳ್ಳೆಯ ದೇಹ 5 ಮಿಲಿಮೀಟರ್ ಉದ್ದ ಎಂದುಕೊಳ್ಳೋಣ. ಅದು ಚಿತ್ರದಲ್ಲಿ 1,000 ಪಿಕ್ಸೆಲ್ ಉದ್ದಕ್ಕೆ ಹರಡಿದ್ದರೆ, ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ದಪ್ಪದ ಕಾಲಿಗೆ 20 ಪಿಕ್ಸೆಲ್ ಸಿಗುತ್ತದೆ. ಆಗ ಪಟ್ಟೆಯ ಅಂಚು ಎಲ್ಲಿದೆ ಎಂದು ನೋಡಿ ಹೇಳಬಹುದು. ಅದೇ ಸೊಳ್ಳೆ 100 ಪಿಕ್ಸೆಲ್‌ನಲ್ಲಿ ಮುದುಡಿದ್ದರೆ ಕಾಲಿಗೆ ಸಿಗುವುದು ಎರಡೇ ಪಿಕ್ಸೆಲ್. ಆ ಚಿತ್ರವನ್ನು ಎಷ್ಟು ಹಿಗ್ಗಿಸಿದರೂ ಕಾಣುವ ಬಿಳಿ ತುಣುಕು ಪಟ್ಟೆಯೂ ಇರಬಹುದು, ಬೆಳಕಿನ ಮಿಂಚೂ ಇರಬಹುದು. ಅಂಥ ಫೋಟೊದಲ್ಲಿ ಭಂಗಿಯನ್ನು ಮಾತ್ರ ನಂಬಬಹುದು. ರೆಕ್ಕೆ, ಕಾಲುಗಳ ಮಾತು ಎತ್ತಲೇಬಾರದು.

ಈಗ ಭಂಗಿ. ಅನಾಫಿಲಿಸ್ ಕುಳಿತಾಗ ಹೊಟ್ಟೆಯ ತುದಿ ಮೇಲೆದ್ದು ದೇಹ ಓರೆಯಾಗಿ ನಿಲ್ಲುತ್ತದೆ, ಈಡಿಸ್ ಮತ್ತು ಕ್ಯೂಲೆಕ್ಸ್ ಮೇಲ್ಮೈಗೆ ಸಮಾನಾಂತರವಾಗಿ ಕೂರುತ್ತವೆ ಎಂದು ಶಾಲೆಯ ಪುಸ್ತಕಗಳೂ ಹೇಳುತ್ತವೆ. ಅದು ನಿಜವೂ ಹೌದು. ಅನಾಫಿಲಿಸ್‌ನ ಓರೆ ಸಾಮಾನ್ಯವಾಗಿ 30ರಿಂದ 45 ಡಿಗ್ರಿ, ಕೆಲವು ಪ್ರಭೇದಗಳಲ್ಲಿ ಇನ್ನೂ ಹೆಚ್ಚು. ಕೋನವನ್ನು ಅಳೆಯಬೇಕಾದದ್ದು ಸೊಳ್ಳೆ ಕುಳಿತ ಮೇಲ್ಮೈಯಿಂದ, ಅದು ಗೋಡೆಯಾದರೂ ಸರಿ, ಸೂರಾದರೂ ಸರಿ. ಇಷ್ಟರವರೆಗೆ ತೊಡಕಿಲ್ಲ. ತೊಡಕು ಇರುವುದು ಕ್ಯಾಮೆರಾದಲ್ಲಿ.

ಕೋನ ಸರಿಯಾಗಿ ಕಾಣುವುದು ಸೊಳ್ಳೆಯ ನೇರ ಪಕ್ಕದಿಂದ ಫೋಟೊ ತೆಗೆದಾಗ ಮಾತ್ರ. ಕ್ಯಾಮೆರಾವನ್ನು ಮೇಲ್ಮೈಯ ಮಟ್ಟದಲ್ಲೇ ಇಟ್ಟುಕೊಂಡು ಪಕ್ಕದಿಂದ ತಲೆಯ ಕಡೆಗೆ ಸರಿಯುತ್ತಾ ಹೋದರೆ ದೇಹದ ಉದ್ದ ಚಿತ್ರದಲ್ಲಿ ಕುಗ್ಗುತ್ತದೆ, ಎತ್ತರ ಮಾತ್ರ ಹಾಗೇ ಉಳಿಯುತ್ತದೆ. ಹಾಗಾಗಿ ಓರೆ ಇದ್ದದ್ದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಬರೀ 15 ಡಿಗ್ರಿ ಓರೆಯಾಗಿ ಕುಳಿತ ಕ್ಯೂಲೆಕ್ಸ್ ಅನ್ನು ಹೀಗೆ 60 ಡಿಗ್ರಿ ಸರಿದು ತೆಗೆದರೆ ಚಿತ್ರದಲ್ಲಿ ಸುಮಾರು 28 ಡಿಗ್ರಿ ಕಾಣುತ್ತದೆ, ಅಂದರೆ ಅನಾಫಿಲಿಸ್‌ನ ಹೊಸ್ತಿಲಿಗೇ ಬಂದು ನಿಲ್ಲುತ್ತದೆ. ನೇರ ಮೇಲಿನಿಂದ ತೆಗೆದರೆ ಇದರ ವಿರುದ್ಧ ಆಗುತ್ತದೆ: 45 ಡಿಗ್ರಿ ಓರೆಯೂ ಕಾಣದೆ ಎಲ್ಲ ಸೊಳ್ಳೆಗಳೂ ಮಲಗಿದಂತೆ ತೋರುತ್ತವೆ.

ಆದ್ದರಿಂದ ಫೋಟೊದಲ್ಲಿ ನಾನು ನೆಚ್ಚುವುದು ಕೋನವನ್ನಲ್ಲ, ನೇರತನವನ್ನು. ಅನಾಫಿಲಿಸ್‌ನ ಸೊಂಡಿಲು, ತಲೆ, ಎದೆ, ಹೊಟ್ಟೆ ನಾಲ್ಕೂ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿರುತ್ತವೆ. ಈಡಿಸ್ ಮತ್ತು ಕ್ಯೂಲೆಕ್ಸ್‌ಗಳು ಗೂನು ಬೆನ್ನಿನವು: ತಲೆ ಮತ್ತು ಸೊಂಡಿಲು ಕೆಳಗೆ ಬಾಗಿ, ಎದೆ ಉಬ್ಬಿ, ಹೊಟ್ಟೆ ಮತ್ತೆ ಮೇಲ್ಮೈಯ ಕಡೆಗೆ ಇಳಿದಿರುತ್ತದೆ. ಕ್ಯಾಮೆರಾ ಎಲ್ಲಿಂದ ನೋಡಿದರೂ ನೇರ ಗೆರೆ ಚಿತ್ರದಲ್ಲಿ ನೇರವಾಗಿಯೇ ಬೀಳುತ್ತದೆ. ಬಾಗಿದ್ದು ಮಾತ್ರ ನೇರ ಮೇಲಿನಿಂದಲೋ ನೇರ ಎದುರಿನಿಂದಲೋ ನೋಡಿದಾಗ ನೇರವಾದಂತೆ ಕಂಡು ಮೋಸಮಾಡಬಲ್ಲದು. ಹೀಗಾಗಿ ಚಿತ್ರದಲ್ಲಿ ಗೂನು ಸ್ಪಷ್ಟವಾಗಿ ಕಂಡರೆ ಕೋನ ಎಷ್ಟೇ ಇರಲಿ, ಅದು ಅನಾಫಿಲಿಸ್ ಅಲ್ಲ ಎನ್ನುವ ಕಡೆಗೆ ತಕ್ಕಡಿ ವಾಲುತ್ತದೆ. ಸ್ವಲ್ಪವಾದರೂ ಪಕ್ಕದಿಂದ ತೆಗೆದ ಚಿತ್ರದಲ್ಲಿ ಎಲ್ಲವೂ ಒಂದೇ ಗೆರೆಯಲ್ಲಿ ಕಂಡರೆ ಅದು ಅನಾಫಿಲಿಸ್‌ನ ಕಡೆಗಿನ ಸಾಕ್ಷಿ. ಭಾರತದ ಹಳ್ಳಿಗಾಡಿನ ಮಲೇರಿಯಾಕ್ಕೆ ಮುಖ್ಯ ಕಾರಣವಾದ ಅನಾಫಿಲಿಸ್ ಕ್ಯೂಲಿಸಿಫೇಸೀಸ್ ತನ್ನ ಬಂಧುಗಳಷ್ಟು ಓರೆಯಾಗಿ ಕೂರದೆ ಕ್ಯೂಲೆಕ್ಸ್‌ನಂತೆ ತಗ್ಗಿ ಕೂರುತ್ತದೆ. ಕೋನವನ್ನೇ ನಂಬಿದವರ ಕೈಯಿಂದ ತಪ್ಪಿಸಿಕೊಳ್ಳುವ ಮಲೇರಿಯಾ ಸೊಳ್ಳೆ ಇದು. ಇದನ್ನು ಹಿಡಿಯಲು ಪಾಲ್ಪ್ ಮತ್ತು ರೆಕ್ಕೆಯೇ ಬೇಕು. ರಕ್ತ ಹೀರುತ್ತಿರುವ ಅಥವಾ ಹೀರಿ ಹೊಟ್ಟೆ ಜೋತುಬಿದ್ದ ಸೊಳ್ಳೆಯ ಭಂಗಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಅದು ವಿಶ್ರಾಂತಿಯ ಭಂಗಿಯಲ್ಲ.

ರೆಕ್ಕೆಯ ಸಂಗತಿ ಇದಕ್ಕಿಂತ ಸೊಗಸಾದದ್ದು. ಸೊಳ್ಳೆಯ ರೆಕ್ಕೆಯ ಪೊರೆ ಪಾರದರ್ಶಕ. ಬಣ್ಣವೆಲ್ಲ ಇರುವುದು ಅದರ ನರಗಳ ಮೇಲೆ ಸಾಲಾಗಿ ಕುಳಿತ ಪುಟಾಣಿ ಹುರುಪೆಗಳಲ್ಲಿ. ಅನಾಫಿಲಿಸ್‌ನ ಬಹಳಷ್ಟು ಪ್ರಭೇದಗಳಲ್ಲಿ ಈ ಹುರುಪೆಗಳು ಕಪ್ಪು, ತೆಳುಹಳದಿ ಎಂದು ತುಂಡುತುಂಡಾಗಿ ಸರದಿಯಲ್ಲಿ ಬರುತ್ತವೆ. ರೆಕ್ಕೆಯ ಮುಂದಂಚಿನ ದಪ್ಪ ನರದ ಮೇಲೆ ಇದು ಎದ್ದು ಕಾಣುತ್ತದೆ. ಈಡಿಸ್ ಈಜಿಪ್ಟೈ ಮತ್ತು ಏಷ್ಯನ್ ಟೈಗರ್ ಸೊಳ್ಳೆ ಎಂದು ಕರೆಯುವ ಈಡಿಸ್ ಆಲ್ಬೊಪಿಕ್ಟಸ್‌ಗಳ ಕಾಲು, ಬೆನ್ನು ಎಷ್ಟೇ ಚಿತ್ತಾರವಾಗಿದ್ದರೂ ರೆಕ್ಕೆ ಮಾತ್ರ ಒಂದೇ ಸಮ ಕಪ್ಪಗಿರುತ್ತದೆ, ಮುಂದಂಚಿನ ತೀರ ಬುಡದಲ್ಲಿ ಒಂದು ಬಿಳಿ ಚುಕ್ಕೆ ಬಿಟ್ಟರೆ. ಕ್ಯೂಲೆಕ್ಸ್‌ನ ಹೆಚ್ಚಿನವಕ್ಕೂ ರೆಕ್ಕೆ ಒಂದೇ ಬಣ್ಣದ ಕಂದು. ಮ್ಯಾನ್ಸೋನಿಯಾದ ಹುರುಪೆಗಳು ಅಗಲ, ಬಣ್ಣ ಬೆರಕೆ; ಸುಣ್ಣದ ಪುಡಿಯನ್ನೂ ಇದ್ದಿಲ ಪುಡಿಯನ್ನೂ ಬೆರೆಸಿ ಇಡೀ ರೆಕ್ಕೆಯ ಮೇಲೆ ಉದುರಿಸಿದಂತೆ ಕಾಣುತ್ತದೆ. ಅನಾಫಿಲಿಸ್‌ನ ತುಂಡುಗಳಿಗೆ ಎಲ್ಲೆ ಇದೆ, ಮ್ಯಾನ್ಸೋನಿಯಾದ ಬೆರಕೆಗೆ ಎಲ್ಲೆ ಇಲ್ಲ.

ರೆಕ್ಕೆಯಲ್ಲಿ ಆಗುವ ಮೋಸ ಮುಖ್ಯವಾಗಿ ಎರಡು ಬಗೆಯದು. ಕುಳಿತ ಸೊಳ್ಳೆ ರೆಕ್ಕೆಗಳನ್ನು ಬೆನ್ನ ಮೇಲೆ ಒಂದರ ಮೇಲೊಂದು ಮಡಚಿಟ್ಟಾಗ, ಮೇಲಿನ ರೆಕ್ಕೆಯ ನರವೂ ಕೆಳಗಿನದರ ನರವೂ ಅಡ್ಡಹಾಯುವ ಕಡೆ ಕಪ್ಪು ದಟ್ಟವಾಗಿ, ಇಲ್ಲದ ಮಚ್ಚೆ ಹುಟ್ಟಿಕೊಳ್ಳುತ್ತದೆ. ಎರಡನೆಯದಾಗಿ, ಫ್ಲ್ಯಾಶ್ ಬೆಳಕು ಬಿದ್ದ ಕಡೆ ಕಪ್ಪು ಹುರುಪೆಯೂ ಬೆಳ್ಳಗೆ ಹೊಳೆಯುತ್ತದೆ. ಎರಡಕ್ಕೂ ಮದ್ದು ಮುಂದಂಚಿನಲ್ಲೇ ಇದೆ. ರೆಕ್ಕೆ ಮಡಚಿದಾಗ ಮುಂದಂಚುಗಳು ಹೊರಬದಿಯಲ್ಲಿ ಉಳಿಯುವುದರಿಂದ ಅಲ್ಲಿ ಎರಡು ರೆಕ್ಕೆಗಳ ನರ ಬೆರೆಯುವ ಗೊಂದಲ ಕಡಿಮೆ. ಎಡಬಲ ಎರಡೂ ಮುಂದಂಚುಗಳು ಕಾಣುವ ಚಿತ್ರವಾದರೆ ಮಚ್ಚೆಗಳು ಎರಡರಲ್ಲೂ ಒಂದೇ ಸ್ಥಾನದಲ್ಲಿವೆಯೇ ಎಂದು ಹೋಲಿಸಬೇಕು. ಹುಟ್ಟಿನಿಂದ ಬಂದ ಮಚ್ಚೆ ಎರಡೂ ಬದಿಗೆ ಸಮ, ಬೆಳಕಿನ ಹೊಳಪು ಒಂದು ಬದಿಗೆ ವಾಲಿರುತ್ತದೆ. ವಯಸ್ಸಾದ ಸೊಳ್ಳೆಯಲ್ಲಿ, ಕೈಯಿಂದ ಹೊಡೆದು ಬೀಳಿಸಿದ ಸೊಳ್ಳೆಯಲ್ಲಿ ಹುರುಪೆ ಉದುರಿಹೋಗಿ ರೆಕ್ಕೆ ಬೋಳಾಗಿರುತ್ತದೆ. ಬೋಳು ರೆಕ್ಕೆಯನ್ನು ಮಚ್ಚೆಯಿಲ್ಲದ ರೆಕ್ಕೆ ಎಂದು ಓದಬಾರದು.

ಅಪವಾದಗಳೂ ಇವೆ, ಅವು ಎರಡೂ ದಿಕ್ಕಿನಲ್ಲಿವೆ. ಯುರೋಪಿನ ಅನಾಫಿಲಿಸ್ ಪ್ಲಂಬಿಯಸ್‌ನ ರೆಕ್ಕೆಯಲ್ಲಿ ಮಚ್ಚೆಯೇ ಇಲ್ಲ. ಏಷ್ಯಾದ ಕ್ಯೂಲೆಕ್ಸ್ ಮಿಮೆಟಿಕಸ್‌ನ ಮುಂದಂಚಿನಲ್ಲಿ ಅನಾಫಿಲಿಸ್‌ನಂತೆಯೇ ಬಿಳಿ ತುಂಡುಗಳಿವೆ. ಅದರ ಪಾಲ್ಪ್ ಮೋಟು, ಬೆನ್ನು ಗೂನು; ಅಲ್ಲಿ ಅದು ಸಿಕ್ಕಿಬೀಳುತ್ತದೆ.

ಇಷ್ಟಾದ ಮೇಲೆ ಕಾಲು. ಸೊಳ್ಳೆಯ ಕಾಲಿನಲ್ಲಿ ತೊಡೆ, ಕಣಕಾಲು, ಅದರ ಮುಂದೆ ಐದು ತುಂಡುಗಳ ಪಾದ ಎಂದು ಭಾಗಗಳಿವೆ. ಪಟ್ಟೆ ಓದಬೇಕಾದದ್ದು ಹಿಂಗಾಲಿನ ಪಾದದಲ್ಲಿ. ಅದೇ ಉದ್ದವಾದದ್ದು, ಕುಳಿತಾಗ ಮೇಲಕ್ಕೆತ್ತಿ ಹಿಡಿದಿರುವುದರಿಂದ ಚಿತ್ರದಲ್ಲಿ ಸ್ಪಷ್ಟವಾಗಿ ಸಿಗುವುದೂ ಅದೇ. ಈಡಿಸ್ ಈಜಿಪ್ಟೈ ಮತ್ತು ಆಲ್ಬೊಪಿಕ್ಟಸ್‌ಗಳಲ್ಲಿ ಬಿಳಿ ಇರುವುದು ಪ್ರತಿ ತುಂಡಿನ ಬುಡದಲ್ಲಿ, ಕೊನೆಯ ಐದನೆಯ ತುಂಡು ಪೂರ್ತಿ ಬಿಳಿ. ಈಡಿಸ್ ಕ್ಯಾಸ್ಪಿಯಸ್‌ನಲ್ಲಿ ಬಿಳಿ ಕೀಲಿನ ಎರಡೂ ಬದಿಗೆ ಚಾಚಿರುತ್ತದೆ. ಕ್ಯೂಲಿಸೆಟಾ ಅನ್ಯುಲಾಟಾದಂಥವುಗಳಲ್ಲಿ ಪಾದದ ಮೊದಲ ಉದ್ದ ತುಂಡಿನ ನಟ್ಟನಡುವೆ, ಯಾವ ಕೀಲಿಗೂ ತಾಗದ ಒಂದು ಉಂಗುರ ಇರುತ್ತದೆ. ಮಿದುಳು ಜ್ವರ ಹರಡುವ ಕ್ಯೂಲೆಕ್ಸ್ ಟ್ರೈಟೀನಿಯೊರಿಂಕಸ್‌ನ ಕಾಲಿನಲ್ಲಿ ಕೀಲುಗಳ ಬಳಿ ಬರೀ ತೆಳ್ಳನೆಯ ಮಸುಕು ಪಟ್ಟೆ. ಅದರ ನಿಜವಾದ ಗುರುತು ಸೊಂಡಿಲಿನ ನಡುವಿನ ಬಿಳಿ ಉಂಗುರ. ಸ್ಟೆಫೆನ್ಸೈಯಲ್ಲಿ ತೊಡೆ ಮತ್ತು ಕಣಕಾಲಿನ ಮೇಲೆ ಬಿಳಿ ಚುಕ್ಕೆಗಳು ಚದುರಿರುತ್ತವೆ, ಈಡಿಸ್‌ನ ಪಾದದಂತೆ ಅಗಲವಾದ ಅಚ್ಚುಕಟ್ಟಿನ ಪಟ್ಟೆಗಳು ಅಲ್ಲಿಲ್ಲ.

ಒಂದು ಚಿತ್ರವನ್ನು ಹಿಡಿದು ಇದನ್ನೆಲ್ಲ ನಡೆಸಿ ನೋಡೋಣ. ಯುರೋಪಿನ ಒಂದು ಮನೆಯ ಒಳಗೋಡೆಯ ಮೇಲೆ, ಚಳಿಗಾಲದಲ್ಲಿ, ದೊಡ್ಡ ಗಾತ್ರದ ಸೊಳ್ಳೆ ಕುಳಿತಿದೆ. ಫೋಟೊ ಅರೆಪಕ್ಕದಿಂದ ತೆಗೆದದ್ದು, ಕಾಲುಗಳು ಸ್ಪಷ್ಟ. ಕಾಲಿನ ಪಟ್ಟೆ ನೋಡಿದವರು ಟೈಗರ್ ಸೊಳ್ಳೆ ಎನ್ನುತ್ತಾರೆ. ರೆಕ್ಕೆಯ ನಡುವೆ ಕಪ್ಪು ಮಚ್ಚೆಗಳನ್ನು ಕಂಡ ಇನ್ನೊಬ್ಬರು ಅನಾಫಿಲಿಸ್ ಎನ್ನುತ್ತಾರೆ. ಕ್ರಮವಾಗಿ ಹೋದರೆ ಕುಡಿಮೀಸೆ ತೆಳು, ಹೆಣ್ಣು. ಪಾಲ್ಪ್ ಸೊಂಡಿಲಿನ ಬುಡದಲ್ಲೇ ಮುಗಿದಿದೆ. ಬೆನ್ನು ಗೂನಾಗಿದ್ದು, ಸೊಂಡಿಲು ಮತ್ತು ಹೊಟ್ಟೆ ಒಂದೇ ಗೆರೆಯಲ್ಲಿಲ್ಲ. ಅಲ್ಲಿಗೆ ಅನಾಫಿಲಿಸ್ ಪಕ್ಕಕ್ಕೆ ಹೋಯಿತು. ಹಾಗಾದರೆ ರೆಕ್ಕೆಯ ಮಚ್ಚೆ? ಹಿಗ್ಗಿಸಿ ನೋಡಿದರೆ ಮುಂದಂಚಿನಲ್ಲಿ ಕಪ್ಪು ಬಿಳಿ ಸರದಿ ಇಲ್ಲ. ಮಚ್ಚೆಗಳು ರೆಕ್ಕೆಯ ಒಳಗೆ, ನರಗಳು ಕೂಡುವ ಕಡೆ ಕಪ್ಪು ಹುರುಪೆಗಳು ಗುಂಪಾಗಿ ಆದವು. ಎರಡೂ ರೆಕ್ಕೆಗಳಲ್ಲಿ ಒಂದೇ ಸ್ಥಾನದಲ್ಲಿರುವುದರಿಂದ ಅವು ನಿಜವಾದ ಮಚ್ಚೆಗಳೇ. ಟೈಗರ್ ಸೊಳ್ಳೆಯ ರೆಕ್ಕೆಯಲ್ಲಿ ಹೀಗೆ ಮಚ್ಚೆ ಇರಲು ಸಾಧ್ಯವಿಲ್ಲ, ಹಾಗಾಗಿ ಅದೂ ಹೋಯಿತು. ಈಗ ಕಾಲು: ಪಾದದ ಮೊದಲ ತುಂಡಿನ ನಡುವೆ ಬಿಳಿ ಉಂಗುರ, ತೊಡೆಯ ತುದಿಗಿಂತ ತುಸು ಮೊದಲು ಇನ್ನೊಂದು ಉಂಗುರ, ಕೊನೆಯ ತುಂಡು ಕಪ್ಪು. ಬೆನ್ನ ಮೇಲೆ ಟೈಗರ್ ಸೊಳ್ಳೆಯ ಒಂಟಿ ಬಿಳಿ ಗೆರೆಯೂ ಇಲ್ಲ. ಇದು ಕ್ಯೂಲಿಸೆಟಾ ಅನ್ಯುಲಾಟಾ. ಚಳಿಗಾಲವನ್ನು ಮನೆ, ನೆಲಮಾಳಿಗೆಗಳಲ್ಲಿ ಕಳೆಯುವ ಈ ಸೊಳ್ಳೆಯ ಚಿತ್ರಗಳನ್ನು ಟೈಗರ್ ಸೊಳ್ಳೆ ಎಂದು ಕಳಿಸುವುದು ಯುರೋಪಿನಲ್ಲಿ ಸಾಮಾನ್ಯ. ಕಾಲು ಮತ್ತು ರೆಕ್ಕೆ ಎರಡು ಬೇರೆ ದಿಕ್ಕಿಗೆ ಎಳೆಯುತ್ತಿದ್ದಾಗ ತೀರ್ಪು ಕೊಟ್ಟದ್ದು ಪಾಲ್ಪ್ ಮತ್ತು ಗೂನು, ಹೆಸರು ಕೊಟ್ಟದ್ದು ಉಂಗುರದ ಸ್ಥಾನ.

ಇದೇ ಬಗೆಯ ಎಚ್ಚರ ಇನ್ನೊಂದು ದಿಕ್ಕಿನಲ್ಲೂ ಫಲ ಕೊಡುತ್ತದೆ. ಸ್ಪೇನ್‌ನಲ್ಲಿ 2014ರಿಂದ ನಡೆಯುತ್ತಿರುವ ಮಸ್ಕಿಟೊ ಅಲರ್ಟ್ ಯೋಜನೆಗೆ ಜನ ಮೊಬೈಲ್‌ನಿಂದ ಸೊಳ್ಳೆಯ ಫೋಟೊ ಕಳಿಸುತ್ತಾರೆ, ಕೀಟತಜ್ಞರು ಅವನ್ನು ನೋಡುತ್ತಾರೆ. 2018ರಲ್ಲಿ ಉತ್ತರ ಸ್ಪೇನ್‌ನ ಅಸ್ತೂರಿಯಸ್‌ನಿಂದ ಬಂದ ಚಿತ್ರವೊಂದು ಆ ದೇಶದಲ್ಲಿ ಅದುವರೆಗೆ ದಾಖಲಾಗದಿದ್ದ ಈಡಿಸ್ ಜಪೋನಿಕಸ್‌ನ ಸುಳಿವು ಕೊಟ್ಟಿತು. ತಜ್ಞರು ಸ್ಥಳಕ್ಕೆ ಹೋಗಿ ಹುಡುಕಿದಾಗ ಸೊಳ್ಳೆ ಅಲ್ಲಿ ಇದ್ದದ್ದು ಖಚಿತವಾಯಿತು. ಈ ಸೊಳ್ಳೆಯೂ ಪಟ್ಟೆಗಾಲಿನದೇ. ಆದರೆ ಹಿಂಗಾಲಿನ ಪಾದದ ಬಿಳಿ ಮೊದಲ ಮೂರು ತುಂಡುಗಳ ಬುಡಕ್ಕೆ ನಿಲ್ಲುತ್ತದೆ, ಕೊನೆಯ ಎರಡು ಕಪ್ಪು. ಬೆನ್ನ ಮೇಲೆ ಒಂಟಿ ಬಿಳಿ ಗೆರೆಯ ಬದಲು ಹಲವು ಹೊಂಬಣ್ಣದ ಗೆರೆಗಳಿವೆ. ಕಾಲಿನ ತುದಿ ಚೌಕಟ್ಟಿನ ಹೊರಗೆ ಉಳಿದ ಫೋಟೊದಲ್ಲಿ ಈ ಭೇದದ ಅರ್ಧ ಕಳೆದುಹೋಗುತ್ತದೆ. ಚಿತ್ರ ತೆಗೆಯುವವರು ಹಿಂಗಾಲಿನ ತುದಿಯವರೆಗೆ ಜಾಗ ಬಿಟ್ಟು, ಒಂದನ್ನು ಪಕ್ಕದಿಂದ, ಇನ್ನೊಂದನ್ನು ಮೇಲಿನಿಂದ ತೆಗೆದರೆ ನೋಡುವವರಿಗೆ ಬೇಕಾದ ಬಹುಪಾಲು ಸಿಕ್ಕಂತೆ.

ಫೋಟೊ ಎಲ್ಲಿ ಕೈಚೆಲ್ಲುತ್ತದೆ ಎಂಬುದೂ ಗೊತ್ತಿರಬೇಕು. ಜಪೋನಿಕಸ್‌ನ ಹತ್ತಿರದ ಬಂಧು ಈಡಿಸ್ ಕೊರಿಕಸ್‌ಗೆ ಹಿಂಗಾಲಿನ ನಾಲ್ಕನೆಯ ತುಂಡಿನ ಬುಡದಲ್ಲೂ ಸಾಮಾನ್ಯವಾಗಿ ಬಿಳಿ ಇರುತ್ತದೆ. ಹುರುಪೆ ಸವೆದ ಸೊಳ್ಳೆಯಲ್ಲಿ ಆ ಒಂದು ಪಟ್ಟೆ ಇತ್ತೋ ಇಲ್ಲವೋ ಎಂದು ಹೇಳಲು ಚಿತ್ರ ಸಾಲದು. ಆಫ್ರಿಕಾದ ಮಲೇರಿಯಾದ ಮುಖ್ಯ ವಾಹಕವಾದ ಅನಾಫಿಲಿಸ್ ಗ್ಯಾಂಬಿಯೇ ಒಂದು ಪ್ರಭೇದವಲ್ಲ, ನೋಟಕ್ಕೆ ಬೇರ್ಪಡಿಸಲಾಗದ ಹಲವು ಪ್ರಭೇದಗಳ ಗುಂಪು. ಅವುಗಳಲ್ಲಿ ಕೆಲವು ಮನುಷ್ಯರನ್ನು ಬೆನ್ನಟ್ಟುತ್ತವೆ, ಕೆಲವು ದನಗಳ ರಕ್ತವನ್ನೇ ಹೆಚ್ಚಾಗಿ ಬಯಸುತ್ತವೆ. ಯಾವುದು ಯಾವುದೆಂದು ತಿಳಿಯಲು ಡಿಎನ್‌ಎ ಪರೀಕ್ಷೆಯೇ ಆಗಬೇಕು. ಕ್ಯೂಲೆಕ್ಸ್ ಪೈಪಿಯೆನ್ಸ್‌ನ ಬಳಗದಲ್ಲೂ ಇದೇ ಕಥೆ. ಇಂಥ ಕಡೆ ಚಿತ್ರದ ಕೆಳಗೆ ಪ್ರಭೇದದ ಹೆಸರು ಬರೆಯದೆ ಗುಂಪಿನ ಹೆಸರಿಗೇ ನಿಲ್ಲಿಸಬೇಕು. ಯಾವ ಗುರುತು ಕಂಡಿತು, ಯಾವುದು ಕಾಣಲಿಲ್ಲ ಎಂದು ಜೊತೆಗೆ ಬರೆದಿಟ್ಟರೆ, ಮುಂದೆ ಸೊಳ್ಳೆಯೇ ಕೈಗೆ ಸಿಕ್ಕಾಗ ಪ್ರಯೋಗಾಲಯದವರಿಗೆ ಎಲ್ಲಿಂದ ಶುರುಮಾಡಬೇಕೆಂಬುದು ಗೊತ್ತಿರುತ್ತದೆ.